ಯಾವ ಕಂಪನಿ ಅಂತ ಕೇಳಬ್ಯಾಡ್ರಿ, ಫಿಟ್ ಮಾಡಿದವ್ರು ಯಾರಂತ ಕೇಳ್ರಿ

ಪೂರಾ ಒಂದು ಬ್ಯಾಸಗಿ ಎಸಿ ಹಚ್ಚಿ ಮಲಗಿದ್ದಾಯ್ತು. ಯುಗಾದಿಗಿಂತ ಎರಡು ವಾರ ಮೊದಲು ಗ್ವಾಡಿಗೆ ಏರಿದ್ದು, ಮಿರಗದ ಮಳಿ ಹಿಡಿಯೋ ತನಕ ಒಂದು ರಾತ್ರಿನೂ ಸುಟ್ಟಿ ತಗೊಂಡಿಲ್ಲ. ಈಗ ಮನಿಗೆ ಬಂದ ವೈನೇರು, ನೆಗೆಣ್ಣೇರು, ಓಣ್ಯಾಗಿನ ಗೆಳತೇರು ಎಲ್ಲಾರೂ ಕೇಳೋದು ಒಂದೇ ಮಾತು: "ಯಾವ ಕಂಪನಿದು ತಗೊಂಡ್ರಿ? ಎಷ್ಟು ಸ್ಟಾರು?" ಈ ಎರಡು ಪ್ರಶ್ನೆ ಕೇಳಿ ಕೇಳಿ ನನಗ ಸಾಕಾಗ್ಯದ. ಕಂಪನಿ ಹೆಸರು ನಾ ಹೇಳಂಗಿಲ್ಲ. ಹೇಳಿದ್ರ ನಾಳೆ ಅದನ್ನೇ ತಗೊಂಡು ಬರ್ತೀರಿ, ಥಂಡಿ ಆಗ್ಲಿಲ್ಲಂದ್ರ ನನ್ನ ಮ್ಯಾಲ ಬರ್ತೀರಿ.

ಯಾಕ ಹಿಂಗ ಅಂತೀನಿ ಕೇಳ್ರಿ. ನಮ್ಮ ಎದುರುಮನಿ ಅಕ್ಕಾರೂ ಅದೇ ವಾರ, ಅದೇ ಅಂಗಡಿದಾಗ, ಅದೇ ಕಂಪನಿದು, ಅದೇ ಮಾಡಲ್ಲು ತಗೊಂಡ್ರು. ಒಂದೂವರಿ ಟನ್ನು, ಮೂರು ಸ್ಟಾರು, ಇನ್ವರ್ಟರ್. ಅವರ ಮಲಗೋ ಖೋಲಿನೂ ನಮ್ಮದರಷ್ಟೇ, ಹನ್ನೊಂದು ಫೂಟಿಗೆ ಹನ್ನೆರಡು. ಇಬ್ಬರ ಖೋಲಿ ಮ್ಯಾಲೂ ಇನ್ನೊಂದು ಅಂತಸ್ತು ಅದ, ಅಂದ್ರ ಬಿಸಲು ಸೀದಾ ಮಾಳಗಿಗೆ ಬೀಳಂಗಿಲ್ಲ. ಇಷ್ಟೆಲ್ಲಾ ಒಂದೇ ಇದ್ರೂ ಏಪ್ರಿಲ್ ತಿಂಗಳದಾಗ ನಮ್ಮ ಮೀಟರಿನ್ಯಾಗ 238 ಯೂನಿಟ್ಟು, ಅವರದ್ರಾಗ 335. ನಮ್ಮ ಖೋಲಿ ಥಂಡಿ, ಅವರದು ಅರ್ಧಮರ್ಧ. ನಮ್ಮ ಮಷೀನು ಸುಮ್ನ ಇರ್ತದ, ಅವರದು ರಾತ್ರಿ ಪೂರಾ ಗುಂಯ್ಯಂತದ. ಅವರಿಗೆ ಕೇಳೇ ಇದನ್ನ ಬರೀಲಿಕ್ಕತ್ತೀನಿ. "ಬರಿ ತಂಗಿ, ನಾಕು ಮಂದಿಗೆ ಉಪಯೋಗ ಆಗ್ಲಿ" ಅಂದ್ರು. ಹಂಗಾರ ಫರಕು ಎಲ್ಲಿ ಬಂತು? ಮಷೀನಿನ್ಯಾಗ ಅಲ್ಲ. ಗ್ವಾಡಿಗೆ ಏರಿಸಿದ ಆ ಒಂದು ತಾಸಿನ್ಯಾಗ ಬಂತು.

ಮಂದಿ ತಿಳಕೊಂಡದ್ದೇನು? ಟಿವಿ ಗ್ವಾಡಿಗೆ ಹೊಡದಂಗ ಎಸಿನೂ ಹೊಡಿಯೋದು, ನಾಕು ಮೊಳಿ, ಒಂದು ವೈರು, ಮುಗೀತು. ಅಲ್ರೀ ಅಕ್ಕಾರ. ಟಿವಿ, ಫ್ರಿಜ್ಜು ಇವೆಲ್ಲಾ ಫ್ಯಾಕ್ಟರ್‍ಯಾಗ ಪೂರಾ ತಯಾರಾಗಿ ಬರ್ತಾವ. ಎಸಿ ಮನಿಗೆ ಬರೂವಾಗ ಇನ್ನೂ ಅರ್ಧಾ ತಯಾರಾದ ಮಷೀನು. ಒಳಗಿನ ಡಬ್ಬಿ ಬ್ಯಾರೆ, ಹೊರಗಿನ ಡಬ್ಬಿ ಬ್ಯಾರೆ, ನಡುವ ತಾಮ್ರದ ಪೈಪು ಬ್ಯಾರೆ. ಥಂಡಿ ಮಾಡೋ ಗ್ಯಾಸು ಹೊರಗಿನ ಡಬ್ಬಿ ಒಳಗ ತುಂಬಿ ಮುಚ್ಚಿ ಕಳಿಸಿರ್ತಾರ. ಈ ಮೂರೂ ಕೂಡಿಸಿ ಒಂದು ಮಷೀನು ಮಾಡೋ ಕೊನೀ ಕೆಲಸ ನಮ್ಮ ಮನ್ಯಾಗ, ನಮ್ಮ ಹಾಸಗಿ ಪಕ್ಕದಾಗ ನಡೀತದ. ಫ್ಯಾಕ್ಟರಿ ಅಂದ್ರ ಅವತ್ತು ನಮ್ಮ ಮನೀನೇ.

ಪೈಪಿನ ಎರಡೂ ತುದಿ ತುತ್ತೂರಿ ಬಾಯಿ ಹಂಗ ಅಗಲ ಮಾಡಿ, ನಟ್ಟು ಕೂಡಿಸಿ ಬಿಗೀತಾರ. ಆಗ ಪೈಪಿನ ಒಳಗೂ, ಖೋಲಿ ಒಳಗಿನ ಡಬ್ಬಿಯ ಪೈಪಿನ್ಯಾಗೂ ಏನಿರ್ತದ? ನಮ್ಮ ಮನಿ ಗಾಳಿ ಇರ್ತದ, ಆ ಗಾಳ್ಯಾಗ ನೀರಿನ ಪಸೀನೂ ಇರ್ತದ. ಅದನ್ನ ಪೂರಾ ಎಳದು ಹೊರಗ ಹಾಕಿ, ಆಮ್ಯಾಲ ಹೊರಗಿನ ಡಬ್ಬಿಯ ವಾಲ್ವು ತಿರವಿ ಗ್ಯಾಸ್ ಒಳಗ ಬಿಡಬೇಕು. ಎಳಿಯೋದಕ್ಕ ಒಂದು ಪಂಪು ಇರ್ತದ, ವ್ಯಾಕ್ಯೂಮ್ ಪಂಪ್ ಅಂತಾರ, ಸಣ್ಣ ಮಿಕ್ಸಿಯಷ್ಟು ದೊಡ್ಡದು, ಜೊತಿಗೆ ಮುಳ್ಳು ಇರೋ ಗೇಜು. ಹದಿನೈದು–ಇಪ್ಪತ್ತು ಮಿನಿಟು ಅದು ನಡೀಬೇಕು. ನಡದ ಮ್ಯಾಲ ಪಂಪು ಬಂದ್ ಮಾಡಿ, ಹತ್ತು ಮಿನಿಟು ಮುಳ್ಳು ನೋಡಬೇಕು. ಮುಳ್ಳು ಅಲ್ಲೇ ನಿಂತ್ರ ಜೋಡಣಿ ಗಟ್ಟಿ ಅದ. ಮ್ಯಾಲೇರಿದ್ರ ಎಲ್ಲೋ ಗಾಳಿ ಹೊಕ್ಕಲಿಕ್ಕತ್ತದ ಅಂತ ಅರ್ಥ.

ಈ ಅರ್ಧ ತಾಸಿನ ಕೆಲಸನೇ ನಮ್ಮ ಊರಾಗ ಭಾಳ ಮಂದಿ ನುಂಗಿ ಹಾಕ್ತಾರ. ನಮ್ಮನಿಗೆ ಬಂದ ಹುಡುಗನೂ ಮೊದಲನೇ ದಿನ ಪಂಪು ತಂದಿರಲಿಲ್ಲ. ನನ್ನ ತಮ್ಮ ಸೊಲ್ಲಾಪುರದಾಗ ಫ್ರಿಜ್ಜು ರಿಪೇರಿ ಮಾಡ್ತಾನ. ಅವ ಮೊದಲೇ ಫೋನಿನ್ಯಾಗ ಹೇಳಿದ್ದ, "ಅಕ್ಕಾ, ಪಂಪು ತೋರಸೋ ತನಕ ಪೈಪು ಕೂಡಸ್ಲಿಕ್ಕೆ ಬಿಡಬ್ಯಾಡ" ಅಂತ. ನಾ ಕೇಳಿದೆ. ಹುಡುಗ ಏನಂದ ಗೊತ್ತದ? "ಅಮ್ಮಾರ, ಸಾಹೇಬರು ಇಲ್ಲೇನ್ರೀ?" ಅಂದ. ಸಾಹೇಬರು ಆಫೀಸಿನ್ಯಾಗ ಅದಾರ, ಇಲ್ಲಿ ಅಮ್ಮಾರೇ ಅದಾರ, ಅಮ್ಮಾರಿಗೇ ಹೇಳು ಅಂದೆ. "ಪಂಪು ಬ್ಯಾಡ್ರೀ, ಸ್ವಲ್ಪ ಗ್ಯಾಸ್ ಬಿಟ್ಟು ಅದರ ಜೋರಿಗೆ ಗಾಳಿ ಹೊರಗ ಹಾಕ್ತೀನಿ, ಎಲ್ಲಾರ ಮನ್ಯಾಗೂ ಹಂಗೇ ಮಾಡೋದು" ಅಂದ. ಎಲ್ಲಾರ ಮನ್ಯಾಗ ಮಾಡಿದ್ದು ಸರಿ ಹೆಂಗಾಗ್ತದ? ಆ ಗ್ಯಾಸು ನಾ ರೊಕ್ಕಾ ಕೊಟ್ಟು ತಂದದ್ದು, ಅದನ್ನ ಗಾಳಿಗೆ ಬಿಟ್ರ ಒಳಗ ಅಷ್ಟು ಕಮ್ಮಿ ಉಳೀತದ. ಹಂಗ ಮಾಡಿದ್ರ ಗಾಳಿನೂ ಪೂರಾ ಹೋಗಂಗಿಲ್ಲ, ಪಸಿಯಂತೂ ಹೋಗೂದೇ ಇಲ್ಲ. ಅದು ಒಳಗಿನ ಎಣ್ಣಿ ಜೋಡಿ ಕೂಡಿ ಆಮ್ಲ ಆಗಿ ಕಂಪ್ರೆಸರ್ ತಿಂತದ. ಮ್ಯಾಲ ಈಗಿನ ಎಸಿಗೋಳಾಗ ಇರೋ ಆರ್-32 ಗ್ಯಾಸು ಸ್ವಲ್ಪ ಉರಿ ಹತ್ತೋ ಜಾತಿದು, ಅದನ್ನ ಮನಿ ಹತ್ತರ ಸುಮ್ನ ಬಿಡೋದು ಮೊದಲೇ ಛಲೋ ಅಲ್ಲ. ನಾ ಅವನಿಗೆ ಮಜ್ಜಿಗಿ ಕೊಟ್ಟು, ನಾಳೆ ಪಂಪು ತಗೊಂಡು ಬಾ ಅಂತ ವಾಪಸ್ ಕಳಿಸ್ದೆ. ಮನ್ಯಾಗ ಸಂಜಿಮುಂದ ಒಂದು ಜಗಳಾನೂ ಆಯ್ತು, "ನಿನಗ್ಯಾಕ ಬೇಕಿತ್ತು, ಅವರಿಗೆ ಗೊತ್ತಿರ್ತದ" ಅಂತ. ಆಗ್ಲಿ ಬಿಡ್ರಿ. ಮರುದಿನ ಇನ್ನೊಬ್ಬ ಜೋಡಿ ಬಂದ, ಪಂಪೂ ಬಂತು.

ಎದುರುಮನ್ಯಾಗ ಅದೇ ಹುಡುಗ ನಾಲ್ವತ್ತು ಮಿನಿಟಿನ್ಯಾಗ ಮುಗಿಸಿ ಹೋಗಿದ್ದ. ಏನು ಫಾಸ್ಟ್ ಕೆಲಸ ಅಂತ ಅವರ ಮನ್ಯಾಗ ಹೊಗಳಿದ್ದೇ ಹೊಗಳಿದ್ದು.

ಥಂಡಿ ವಿಚಾರಕ್ಕ ಬರೋಣು. ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಹೇಳೋದೇನದ, 42–43 ಡಿಗ್ರಿ ಅಂದ್ರ ನಮಗ ಸುದ್ದಿನೇ ಅಲ್ಲ. ರಾತ್ರಿ ಹತ್ತಕ್ಕ ಎಸಿ ಹಚ್ಚೋ ಮುಂದ ಖೋಲಿ ಒಳಗ 36–37 ಇರ್ತಿತ್ತು. ನಾ 26ಕ್ಕ ಇಟ್ಟು, ಮ್ಯಾಲಿನ ಫ್ಯಾನು ಎರಡರ ಮ್ಯಾಲ ಬಿಡ್ತಿದ್ದೆ. ಮುಕ್ಕಾಲು ತಾಸಿಗೆ ಖೋಲಿ 28ಕ್ಕ ಇಳೀತಿತ್ತು, ಆಮ್ಯಾಲ ಸಾವಕಾಶ 26. ಹಚ್ಚಿದ ಕೂಡ್ಲೇ ಕುಲ್ಲೂ ಮನಾಲಿ ಆಗ್ತದ ಅಂತ ತಿಳಕೊಂಡವರು 18ಕ್ಕ ಒತ್ತಿ ಕುಂದರ್ತಾರ. 18ಕ್ಕ ಒತ್ತಿದ್ರ ಥಂಡಿ ಲಗೂ ಬರಂಗಿಲ್ಲ, ಮಷೀನು ಎಷ್ಟು ಹೊತ್ತಾದ್ರೂ ನಿಲ್ಲಂಗಿಲ್ಲ, ಅಷ್ಟೇ ಫರಕು. ಸ್ಟಾರು ಇರೋ ಎಸಿ ಹಚ್ಚಿದ ಕೂಡ್ಲೇ 24ಕ್ಕೇ ತಗೀಬೇಕು ಅಂತ 2020ರ ಜನವರಿಯಿಂದ ಸರ್ಕಾರನೇ ನಿಯಮ ಮಾಡ್ಯದ, ಸುಮ್ನ ಮಾಡಿಲ್ಲ.

ನಿಮ್ಮ ಎಸಿ ಛಲೋ ಕೆಲಸ ಮಾಡ್ಲಿಕ್ಕತ್ತದೋ ಇಲ್ಲೋ ನೋಡ್ಲಿಕ್ಕೆ ಒಂದು ಸಾದಾ ದಾರಿ ಅದ. ಇನ್ನೂರು ರೂಪಾಯಿದು ಡಿಜಿಟಲ್ ಥರ್ಮಾಮೀಟರ್, ಜ್ವರದ್ದಲ್ಲ, ಖೋಲಿ ಸೆಕಿ ನೋಡೋದು, ತಗೊಳ್ರಿ. ಎಸಿ ಹಚ್ಚಿ ಇಪ್ಪತ್ತು ಮಿನಿಟು ಆದ ಮ್ಯಾಲ, ಖೋಲಿ ಇನ್ನೂ ಬಿಸಿ ಇರೂವಾಗನೇ, ಎಸಿ ಗಾಳಿ ಹೊರಬೀಳೋ ಬಾಯಿಗೆ ಹಿಡೀರಿ. ಆಮ್ಯಾಲ ಗಾಳಿ ಒಳಗ ಎಳಕೊಳ್ಳೋ ಮ್ಯಾಲಿನ ಕಡಿ ಹಿಡೀರಿ. ನಡುವ ಹತ್ತು–ಹನ್ನೆರಡು ಡಿಗ್ರಿ ಫರಕು ಇದ್ರ ಮಷೀನು ಆರಾಮ ಅದ. ನಮ್ಮದು ಹನ್ನೆರಡು ತೋರಿಸ್ತು. ಮೇ ತಿಂಗಳದಾಗ ಎದುರುಮನ್ಯಾಗ ಹೋಗಿ ಹಿಡದೆ: ಐದು. ಅಕ್ಕಾರು ಮಾರಿ ಸಣ್ಣ ಮಾಡಿದ್ರು. ಹೊರಗ ಹೋಗಿ ಅವರ ಡಬ್ಬಿ ಪಕ್ಕದಾಗಿನ ಪೈಪು ನೋಡಿದ್ರ, ಸಣ್ಣ ಪೈಪಿನ ವಾಲ್ವಿನ ಮ್ಯಾಲ ಬೆಳ್ಳಗ ಐಸು ಕುಂತಿತ್ತು. 42 ಡಿಗ್ರಿ ಬಿಸಲಾಗ ಐಸು! ನೋಡಿದವ್ರು "ಅಬ್ಬಾ ಎಷ್ಟು ಥಂಡಿ ಮಾಡ್ತದ" ಅಂತಾರ. ಅದು ಥಂಡಿ ಲಕ್ಷಣ ಅಲ್ಲ, ಒಳಗ ಗ್ಯಾಸು ಕಮ್ಮಿ ಆದದ್ದರ ಲಕ್ಷಣ. ಆರಾಮ ಇರೋ ಮಷೀನಿನ ಪೈಪು ಬೆವರ್ತದ, ಐಸು ಕೂಡಂಗಿಲ್ಲ.

ಅಕ್ಕಾರು ಫೋನ್ ಮಾಡಿದ್ರು. ಬಂದವ ಗೇಜು ಹಚ್ಚಿ, "ಗ್ಯಾಸ್ ಮುಗದದ್ರೀ, ತುಂಬಬೇಕು, ಮೂರೂವರಿ ಸಾವಿರ" ಅಂದ. ಈ ಮಾತಿನ ಮ್ಯಾಲ ನನಗ ಎಲ್ಲಿಲ್ಲದ ಸಿಟ್ಟು ಅದ. ಗ್ಯಾಸ್ ಮುಗೀಲಿಕ್ಕೆ ಅದೇನು ಅಡಗಿ ಸಿಲಿಂಡರೇನ್ರೀ? ಎಸಿ ಗ್ಯಾಸು ಉರದು ಖರ್ಚಾಗೂದಲ್ಲ. ಅದೇ ಗ್ಯಾಸು ಒಳಗ ಹೊರಗ ಸುತ್ತತಾನೇ ಇರ್ತದ, ಹತ್ತು ವರ್ಷ ಆದ್ರೂ ಅಷ್ಟೇ ಇರ್ತದ. ಕಮ್ಮಿ ಆಗ್ಯದ ಅಂದ್ರ ಮೊದಲೇ ಕಮ್ಮಿ ಬಿಟ್ಟಾರ, ಇಲ್ಲಾ ಸೋರ್ಲಿಕ್ಕತ್ತದ. ಮೂರನೇದಿಲ್ಲ. ಸೋರೋ ಜಾಗ ಹಿಡೀದೇ ಮ್ಯಾಲ ತುಂಬೋದು ಅಂದ್ರ ತೂತು ಬಿದ್ದ ಕೊಡಕ್ಕ ನೀರು ಹಾಕಿದಂಗ. ಮುಂದಿನ ಬ್ಯಾಸಗಿಗೆ ಅವ ಮತ್ತ ಬರ್ತಾನ, ಮತ್ತ ಮೂರೂವರಿ ಸಾವಿರ ಇಸಕೊಂಡು ಹೋಗ್ತಾನ. ವರ್ಷಾ ವರ್ಷಾ ಗ್ಯಾಸ್ ತುಂಬಸ್ತೀವಿ ಅಂತ ಹೇಳೋ ಮನಿ ನಮ್ಮ ಬಳಗದಾಗೇ ಎಷ್ಟು ಅದಾವ ನೋಡ್ರಿ.

ಸೋರೋದು ಹಿಡಿಯೋದು ದೊಡ್ಡ ವಿದ್ಯಾ ಅಲ್ಲ. ಸಾಬಾಣದ ನೊರಿ ಮಾಡಿ ನಟ್ಟಿನ ಸುತ್ತ ಹಚ್ಚೋದು, ಸಿಲಿಂಡರ್ ರೆಗ್ಯುಲೇಟರ್‍ಗೆ ನಾವು ಮಾಡ್ತೀವಲ್ಲ, ಹಂಗೇ. ನನ್ನ ತಮ್ಮ ಫೋನಿನ್ಯಾಗ ಹೇಳಿದಂಗ ಅಕ್ಕಾರು ಪಟ್ಟು ಹಿಡದು ನೊರಿ ಹಚ್ಚಿಸಿದ್ರು. ಒಳಗಿನ ಡಬ್ಬಿ ಹಿಂದಿನ ನಟ್ಟಿನ ಹತ್ತರ ಸಣ್ಣ ಸಣ್ಣ ಗುಳ್ಳಿ ಎದ್ದು ಬಂತು. ತುತ್ತೂರಿ ಬಾಯಿ ಸೊಟ್ಟ ಆಗಿ, ಅಂಚಿನ್ಯಾಗ ಸೀಳಿತ್ತು. ಆ ತುದಿ ಕತ್ತರಿಸಿ ಹೊಸಾ ಬಾಯಿ ಮಾಡಿ, ಪಂಪು ಹಚ್ಚಿ, ಆಮ್ಯಾಲ ಗ್ಯಾಸು ತುಂಬಿದ್ರು. ತುಂಬೋದೂ ತೂಕದ ಲೆಕ್ಕದಾಗ ಇರಬೇಕು. ಹೊರಗಿನ ಡಬ್ಬಿ ಮ್ಯಾಲ ಅಂಟಿಸಿದ ಪಟ್ಟ್ಯಾಗ ಎಷ್ಟು ಗ್ರಾಂ ಅಂತ ಬರದಿರ್ತದ, ಒಂದು ಕಿಲೋ ಒಳಗೇ ಇರ್ತದ. ಸಿಲಿಂಡರು ಕಾಟಾ ಮ್ಯಾಲ ಇಟ್ಟು, ಬಂಗಾರ ತೂಗಿದಂಗ ತೂಗಿ ಬಿಡಬೇಕು. ಕೈಲೆ ಪೈಪು ಮುಟ್ಟಿ "ಆಯ್ತ್ರೀ, ಥಂಡಿ ಬಂತು" ಅನ್ನೋದು ಅಳತಿ ಅಲ್ಲ. ವಾರಂಟಿ ಕೇಳಿದ್ರ, ಮಷೀನಿಗೆ ಅದ, ಫಿಟ್ಟಿಂಗಿಗೆ ಇಲ್ಲ ಅಂದ್ರಂತ. ಅವರೇ ಕಳಿಸಿದ ಹುಡುಗ, ಅವರೇ ಕೊಟ್ಟ ಪೈಪು, ಆದ್ರ ಹೊಣಿ ಅಕ್ಕಾರದು!

ಈಗ ಬಿಲ್ಲಿನ ಮಾತು. ಇದಕ್ಕ ಮಂದಿ ಹೆದರೋದು ಖರೆ ಅದ, ಆದ್ರ ಹೆದರಬೇಕಾದ ಜಾಗ ಬ್ಯಾರೆ ಅದ. ನಾ ರಾತ್ರಿ ಹತ್ತಕ್ಕ ಮೀಟರು ಬರದಿಟ್ಟು, ಮುಂಜಾನೆ ಆರಕ್ಕ ಮತ್ತ ನೋಡ್ತಿದ್ದೆ. ನೀವೂ ನೋಡ್ರಿ, ಇದಕ್ಕ ಯಾವ ಮಷೀನೂ ಬ್ಯಾಡ, ಕಣ್ಣಿಗೆ ಚಷ್ಮಾ ಇದ್ರ ಸಾಕು. ನಮ್ಮದು ಐದೂವರಿ ಯೂನಿಟ್ಟು ಓಡ್ತಿತ್ತು. ಎಸಿ ಹಚ್ಚದ ಒಂದು ರಾತ್ರಿ ಮಾರ್ಚಿನ ಮೊದಲಿಗೇ ನೋಡಿಟ್ಟಿದ್ದೆ: ಫ್ರಿಜ್ಜು, ಫ್ಯಾನು ಕೂಡಿ ಒಂದು ಯೂನಿಟ್ಟು. ಅಂದ್ರ ಎಸಿದು ನಾಲ್ಕೂವರಿ. ಎದುರುಮನ್ಯಾಗ ಅದೇ ಎಂಟು ತಾಸಿಗೆ ಒಂಬತ್ತು, ಎಸಿದೇ ಎಂಟು. ಯಾಕ ಇಷ್ಟು ಫರಕು? ಇನ್ವರ್ಟರ್ ಎಸಿ ಉಳಿತಾಯ ಮಾಡೋದು ಹೆಂಗಂದ್ರ, ಖೋಲಿ ಥಂಡಿ ಆದ ಮ್ಯಾಲ ತಾನೇ ಸಾವಕಾಶ ಆಗ್ತದ, ಸಣ್ಣ ಉರಿ ಮ್ಯಾಲ ಹಾಲು ಇಟ್ಟಂಗ. ಗ್ಯಾಸು ಕಮ್ಮಿ, ಒಳಗ ಗಾಳಿ ಸೇರ್‍ಯದ ಅಂದ್ರ ಖೋಲಿ ಆ 26ಕ್ಕ ಮುಟ್ಟೂದೇ ಇಲ್ಲ. ಮುಟ್ಟಲಿಲ್ಲಂದ್ರ ಸಾವಕಾಶ ಆಗಂಗಿಲ್ಲ, ರಾತ್ರಿ ಪೂರಾ ದೊಡ್ಡ ಉರಿ. ಸ್ಟಾರಿಗೆ ಅಂತ ಹೆಚ್ಚಿಗಿ ಕೊಟ್ಟ ರೊಕ್ಕಾ ಸೀದಾ ಗಟಾರಕ್ಕ.

ಮ್ಯಾಲ ಗೃಹಜ್ಯೋತಿ ಅದ. ಇದನ್ನ ಅಂಗಡಿಯವ್ರು ಹೇಳಂಗಿಲ್ಲ, ನಾವು ಲೆಕ್ಕ ಹಾಕಬೇಕು. ಸ್ಕೀಮಿನ್ಯಾಗ ನಮ್ಮ 2022–23ರ ಸರಾಸರಿಗೆ ನೂರಕ್ಕ ಹತ್ತು ಕೂಡಿಸಿ ಅಷ್ಟು ಯೂನಿಟ್ಟು ಪುಕ್ಕಟ. ಅದಕ್ಕಿಂತ ಮ್ಯಾಲ ಹೋದ್ರ, 200 ಒಳಗಿದ್ದ ತನಕ, ಹೆಚ್ಚಾದಷ್ಟಕ್ಕ ಮಾತ್ರ ರೊಕ್ಕಾ. ಆದ್ರ 200 ದಾಟ್ತೋ, ಆ ತಿಂಗಳದ ಪೂರಾ ಬಿಲ್ಲು ನಮ್ಮ ಕೊರಳಿಗೆ. ಫೆಬ್ರುವರಿದಾಗ ನಮ್ಮದು 98 ಯೂನಿಟ್ಟು, ಬಿಲ್ಲು ಸೊನ್ನಿ. ಏಪ್ರಿಲ್‍ದಾಗ 238 ಆಯ್ತು, ಬಿಲ್ಲು ಎರಡು ಸಾವಿರದ ಆಸುಪಾಸು. ಎಸಿ ತಿಂದದ್ದು ನೂರಾ ಮೂವತ್ತೈದು, ನೂರಾ ನಾಲ್ವತ್ತು ಯೂನಿಟ್ಟು ಇರಬಹುದು, ಆದ್ರ ರೊಕ್ಕಾ ಕೊಟ್ಟದ್ದು ಮೊದಲು ಪುಕ್ಕಟ ಇದ್ದ 98ಕ್ಕೂ ಸೇರಿಸಿ. ಎಸಿ ಖರ್ಚು ಲೆಕ್ಕ ಹಾಕೋದು ಅಂದ್ರ ಇದೂ ಕೂಡಬೇಕು. ಎದುರುಮನಿದು 2,700ರ ಹತ್ತರ ಬಂತು.

ಹಂಗಂತ 200 ದಾಟಬಾರದು ಅಂತ ಹಸಗೂಸಿನ ಮನ್ಯಾಗ ಎಸಿ ಬಂದ್ ಮಾಡಿ ಕುಂದರ್‍ರಿ ಅಂತ ನಾ ಹೇಳಂಗಿಲ್ಲ. ಆದ್ರ ಲೆಕ್ಕ ಮುಂದಿಟ್ಟುಕೊಳ್ರಿ. ನಮ್ಮ ಮಾಮೂಲಿ 98 ಬಿಟ್ರ ಎಸಿಗೆ ಉಳಿಯೋದು ನೂರು ಯೂನಿಟ್ಟು, ಅಂದ್ರ ರಾತ್ರಿಗೆ ಮೂರು ಚಿಲ್ಲರ. ಮಾರ್ಚು ಜೂನಿನ್ಯಾಗ ನಾವು ಹತ್ತರಿಂದ ಮೂರರ ತನಕ ಹಚ್ಚಿ, ಟೈಮರ್ ಇಟ್ಟು ಬಂದ್ ಆಗೋ ಹಂಗ ಮಾಡಿ, 200ರ ಒಳಗೇ ಮುಗಿಸಿದ್ವಿ. ಏಪ್ರಿಲ್ ಮೇದಾಗ ಆಗಲಿಲ್ಲ, ಬೆಳಗಿನ ಜಾವನೂ ಸೆಕಿ ಕೊಲ್ತಿತ್ತು. ಆದ್ರ ಎಂಟು ಯೂನಿಟ್ಟು ತಿನ್ನೋ ಎಸಿ ಇದ್ದವರಿಗೆ ಈ ಲೆಕ್ಕನೇ ಇಲ್ಲ, ಅವರು ಯಾವ ತಿಂಗಳದಾಗೂ ಒಳಗ ನಿಲ್ಲಲಿಕ್ಕೆ ಆಗಂಗಿಲ್ಲ. ಕೆಟ್ಟ ಫಿಟ್ಟಿಂಗು ನಮ್ಮ ಮನ್ಯಾಗಿನ ಪುಕ್ಕಟ ಕರೆಂಟನ್ನೂ ತಿಂದು ಹೋಗ್ತದ.

ಸಪ್ಪಳದ ಮಾತು. ಒಳಗಿನ ಡಬ್ಬಿ ಸಪ್ಪಳ ನಮ್ಮ ಫ್ಯಾನಿಗಿಂತ ಕಮ್ಮಿ ಅದ, ಅದರ ಬಗ್ಗೆ ಹೇಳೋದೇನಿಲ್ಲ. ನಡುರಾತ್ರಿ ಟಕ್ ಟಕ್ ಅಂತದ, ಅದು ಪ್ಲಾಸ್ಟಿಕ್ಕು ಥಂಡಿಗೆ ಕುಗ್ಗೋ ಸಪ್ಪಳ, ಹೆದರಬ್ಯಾಡ್ರಿ. ಗುಂಯ್ಯನ್ನೋದು ಹೊರಗಿನ ಡಬ್ಬಿದು. ಪೈಪು ಕಮ್ಮಿ ಬೀಳಲಿ ಅಂತ ಫಿಟ್ ಮಾಡವ್ರು ಅದನ್ನ ಮಲಗೋ ಖೋಲಿ ಗ್ವಾಡಿಗೇ, ಬರೋಬ್ಬರಿ ನಮ್ಮ ತಲಿದಿಂಬಿನ ಹಿಂದ ಹೊಡೀತಾರ. ಕಂಪ್ರೆಸರ್ ನಡುಗಿದ್ದು ಕಬ್ಬಿಣದ ಸ್ಟ್ಯಾಂಡಿನಿಂದ ಗ್ವಾಡಿಗೆ, ಗ್ವಾಡಿಯಿಂದ ಮಂಚಕ್ಕ. ನಾ ಬಚ್ಚಲ ಕಡಿ ಗ್ವಾಡಿಗೆ ಹೊಡಸ್ದೆ, ನಾಕು ಕಾಲಿನ ಕೆಳಗೂ ದಪ್ಪ ರಬ್ಬರು ಇಡಸ್ದೆ. ಅದಕ್ಕ ಎರಡು ಮೀಟರ್ ಪೈಪು ಹೆಚ್ಚಿಗಿ ಬಿತ್ತು, ಸಾವಿರದ ಎಂಟುನೂರು ಕೊಟ್ಟೆ. ಮಷೀನಿನ ಜೋಡಿ ಮೂರು ಮೀಟರ್ ಪೈಪು ಕೊಟ್ಟಿದ್ರು, ಅದರ ಮ್ಯಾಲಿಂದಕ್ಕ ಮೀಟರಿಗೆ ಇಷ್ಟು ಅಂತ ಇಸಗೋತಾರ. ರೇಟು ಮೊದಲು ಕೇಳ್ರಿ, ನಿಮ್ಮ ಹೊಲಿಗಿ ಟೇಪು ತಂದು ನೀವೇ ಅಳೀರಿ. ಟೇಪು ಕೈಯಾಗ ಹಿಡಕೊಂಡು ನಿಂತ್ರ ಸಾಕು, ಅವರ ಲೆಕ್ಕ ತಾನೇ ಸುಧಾರಸ್ತದ.

ಆ ಹೊರಗಿನ ಡಬ್ಬಿಗೆ ಉಸುರಾಡಲಿಕ್ಕೂ ಜಾಗ ಬೇಕು. ಖೋಲಿ ಸೆಕಿ ಎಲ್ಲಾ ಅದು ಹೊರಗ ಚೆಲ್ಲಬೇಕಲ್ಲ. ಹಿಂದ ಒಂದು ಗೇಣಾದ್ರೂ ಬಿಟ್ಟು, ಮುಂದ ಬಯಲು ಇರಬೇಕು. ಗ್ರಿಲ್ ಹಾಕಿದ ಗ್ಯಾಲರ್‍ಯಾಗ ಕೂಡಿಸಿ, ಮುಂದ ತುಳಸಿ ಕುಂಡಿ, ಒಣಗಲಿಕ್ಕೆ ಹಾಕಿದ ಅರಿವಿ, ಮ್ಯಾಲ ತಾಡಪತ್ರಿ ಕಟ್ಟಿದ್ರ ತಾ ಬಿಟ್ಟ ಬಿಸಿ ಗಾಳಿ ತಾನೇ ಎಳಕೋತದ. ಎದುರುಮನ್ಯಾಗ ಬಿಸಲಿನ ನೆರಳಿಗೆ ಅಂತ ಹಿಂಗೇ ಮಾಡಿದ್ರು. ನೆರಳು ಛಲೋ, ಮುಚ್ಚಿಗಿ ಕೆಟ್ಟದ್ದು.

ನೀರಿನ ಕಥಿ ಇನ್ನೂ ಮಜಾ ಅದ. ನಮ್ಮ ಕಡಿ ಏಪ್ರಿಲ್ ಮೇದಾಗ ಗಾಳಿ ಒಣಾ ಇರ್ತದ, ಅದಕ್ಕೇ ಎಸಿ ಪೈಪಿನಿಂದ ನೀರು ಹನಿ ಹನಿ ಅಷ್ಟೇ ಬರ್ತದ. ನೀರಿನ ಪೈಪು ಸೊಟ್ಟ ಇದ್ರೂ, ನಡುವ ಮ್ಯಾಲೆದ್ದಿದ್ರೂ ಗೊತ್ತಾಗೂದೇ ಇಲ್ಲ. ಜೂನಿನ್ಯಾಗ ಮಳಿ ಬಿದ್ದು ಗಾಳ್ಯಾಗ ಪಸಿ ಏರಿತೋ, ಅದೇ ಎಸಿ ಒಂದು ರಾತ್ರಿಗೆ ಬಕೀಟುಗಟ್ಟಲೆ ನೀರು ಇಳಸ್ತದ. ಆಗ ನೀರು ಹೊರಗ ಹೋಗಲಿಕ್ಕೆ ದಾರಿ ಇಲ್ಲದೇ ಒಳಗ ಗ್ವಾಡಿಗುಂಟ ಬರ್ತದ. ಎದುರುಮನ್ಯಾಗ ಬಣ್ಣ ಉಬ್ಬಿ ಹೊಪ್ಪಳಿಕಿ ಎದ್ದದ. ಅಷ್ಟ್ರಾಗ ಫಿಟ್ ಮಾಡಿ ಮೂರು ತಿಂಗಳಾಗಿರ್ತದ, ಆ ಹುಡುಗ ಫೋನ್ ಎತ್ತಂಗಿಲ್ಲ. ಇದಕ್ಕ ಪರೀಕ್ಷಾ ಫಿಟ್ ಮಾಡಿದ ದಿನಾನೇ ಮಾಡಬೇಕು. ಒಳಗಿನ ಡಬ್ಬಿ ಮುಚ್ಚಳ ತಗಸಿ, ಒಳಗಿನ ತಟ್ಟ್ಯಾಗ ಸಾವಕಾಶ ಒಂದು ತಂಬಗಿ ನೀರು ಹಾಕಸ್ರಿ. ಆ ನೀರು ತಡ ಇಲ್ಲದೇ ಹೊರಗಿನ ಪೈಪಿನಿಂದ ಬಿದ್ರ ಇಳಿಜಾರು ಬರೋಬ್ಬರಿ ಅದ. ಗ್ವಾಡಿ ತೂತೂ ಹೊರಗಿನ ಕಡಿ ಇಳಿಜಾರು ಇರಬೇಕು, ಆಮ್ಯಾಲ ಸುತ್ತ ಪುಟ್ಟಿ ತುಂಬಿ ಮುಚ್ಚಬೇಕು. ಇಲ್ಲಂದ್ರ ಹಲ್ಲಿ, ಇರುವಿ, ಬಿಸಿ ಗಾಳಿ ಮೂರೂ ಬಾಡಗಿ ಇಲ್ಲದೇ ಒಳಗ ಬರ್ತಾವ.

ಫಿಟ್ಟಿಂಗು ಛಲೋ ಇದ್ರ ಎಲ್ಲಾ ಛಲೋ ಅಂತ ನಾ ಪ್ರಮಾಣ ಮಾಡಂಗಿಲ್ಲ. ನಮ್ಮ ನಾದಿನಿ ಮನಿ ತುದಿ ಅಂತಸ್ತಿನ್ಯಾಗ ಅದ. ಅಲ್ಲೂ ಪಂಪು ಹಚ್ಚೇ ಫಿಟ್ ಮಾಡ್ಯಾರ, ಥರ್ಮಾಮೀಟರಿನ ಫರಕೂ ಹನ್ನೊಂದು ಬರ್ತದ, ಆದ್ರೂ ರಾತ್ರಿ ಹನ್ನೆರಡರ ತನಕ ಖೋಲಿ 30ರ ಕೆಳಗ ಇಳಿಯಂಗಿಲ್ಲ. ದಿನಾ ಪೂರಾ ಕಾಯ್ದ ಸ್ಲ್ಯಾಬು ಹಂಚಿನಂಗ ಮ್ಯಾಲಿಂದ ಸೆಕಿ ಬಿಡತಾನೇ ಇರ್ತದ. ಅಲ್ಲಿ ಮೊದಲು ಮಾಳಗಿಗೆ ಬಿಳೇ ಸುಣ್ಣಾ ಇಲ್ಲಾ ಬಿಳೇ ಬಣ್ಣ ಬಳಸ್ರಿ, ಎಸಿ ಆಮ್ಯಾಲ. ಮತ್ತ ನಮ್ಮ ಒಣಾ ಸೆಕಿಗೆ ನೀರಿನ ಕೂಲರೂ ಏನು ಕಮ್ಮಿ ಇಲ್ಲ, ಮನ್ಯಾಗ ನೀರು ಇದ್ರ ಅದರಾಗೇ ಮೇ ತನಕ ನಡೀತದ. ಜೂನಿನ ಪಸಿ ಗಾಳ್ಯಾಗ ಮಾತ್ರ ಅದು ಅಂಟು ಅಂಟು ಮಾಡ್ತದ.

ಆ ಹುಡುಗನ ಮ್ಯಾಲ ನನಗ ಸಿಟ್ಟಿಲ್ಲ, ಖರೆ ಹೇಳ್ತೀನಿ. ಅವನಿಗೆ ತಿಂಗಳ ಪಗಾರ ಇಲ್ಲ, ಒಂದು ಮಷೀನಿಗೆ ಇಷ್ಟು ಅಂತ ಕೊಡ್ತಾರಂತ. ಉರಿ ಬಿಸಲಾಗ ದಿನಕ್ಕ ಐದು ಮನಿ ಮುಟ್ಟಬೇಕು, ಮೂರನೇ ಅಂತಸ್ತಿನ ಗ್ವಾಡಿಗೆ ಸೊಂಟಕ್ಕ ಬೆಲ್ಟೂ ಇಲ್ಲದೇ ಜೋತು ಬೀಳಬೇಕು. ಅರ್ಧ ತಾಸು ಪಂಪು ನಡಸಿದ್ರ ಅವನ ಒಂದು ಮನಿ ತಪ್ಪತದ. ಸಿಟ್ಟು ಇರೋದು ಮೂವತ್ತೈದು, ನಾಲ್ವತ್ತು ಸಾವಿರದ ಮಷೀನು ಮಾರಿ, "ಫಿಟ್ಟಿಂಗ್ ಫ್ರೀ" ಅಂತ ಬೋರ್ಡು ಹಾಕಿ, ಆ ಫ್ರೀ ಫಿಟ್ಟಿಂಗಿನ ಬೆಲಿ ಅವನ ಹೊಟ್ಟಿ ಮ್ಯಾಲೂ ನಮ್ಮ ಬಿಲ್ಲಿನ ಮ್ಯಾಲೂ ಹೊರಸೋ ಅಂಗಡಿ ಮ್ಯಾಲ, ಕಂಪನಿ ಮ್ಯಾಲ. ಇನ್ನೊಂದು ಸಿಟ್ಟು ನಮ್ಮ ಗಂಡಸರ ಮ್ಯಾಲ. ಎಸಿ ಆರಿಸ್ಲಿಕ್ಕೆ ಮೂರು ಅಂಗಡಿ ತಿರಗ್ತಾರ, ಫೋನಿನ್ಯಾಗ ಹತ್ತು ವಿಡಿಯೋ ನೋಡ್ತಾರ. ಫಿಟ್ಟಿಂಗಿನ ದಿನ ಮಾತ್ರ "ಮನ್ಯಾಗ ಆಕಿ ಅದಾಳ" ಅಂತ ಡ್ಯೂಟಿಗೆ ಹೋಗ್ತಾರ.

ಇರ್ಲಿ, ಮನ್ಯಾಗ ಇರಾಕಿ ಆಕೀನೇ. ಅದಕ್ಕೇ ಇಷ್ಟು ಬರದದ್ದು. ಮುಂದಿನ ಮಾರ್ಚಿನ್ಯಾಗ ನಿಮ್ಮ ಮನಿಗೆ ಬಂದಾಗ, ಬಾಗಲಾಗೇ ಕೇಳ್ರಿ, ಪಂಪು ತಂದೀರೇನು ಅಂತ. ಅಂಗಡಿದಾಗ ರೊಕ್ಕಾ ಕೊಡೋ ಮುಂದನೇ ಬಿಲ್ಲಿನ ಹಿಂದ "ವ್ಯಾಕ್ಯೂಮ್ ಮಾಡಿ ಫಿಟ್ ಮಾಡ್ತೀವಿ" ಅಂತ ಬರಸ್ಕೊಂಡ್ರ ಇನ್ನೂ ಗಟ್ಟಿ. ಕೆಲಸ ಮುಗದ ಮ್ಯಾಲ ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತದ, "ಅಮ್ಮಾರ ಆ ನಂಬರ ಹೇಳ್ರಿ" ಅಂತ ಅವಸರ ಮಾಡ್ತಾರ. ಆ ನಂಬರ ಕೊಟ್ಟ ಕೂಡ್ಲೇ ಕಂಪನಿ ಲೆಕ್ಕದಾಗ ಕೆಲಸ ಬರೋಬ್ಬರಿ ಆಗ್ಯದ, ನೀವು ಒಪ್ಪೀರಿ ಅಂತ ಬರಕೋತದ. ಮುಳ್ಳು ಹತ್ತು ಮಿನಿಟು ನಿಂತದ್ದು ನೋಡಿ, ತಂಬಗಿ ನೀರು ಹೊರಗ ಬಿದ್ದದ್ದು ನೋಡಿ, ಥರ್ಮಾಮೀಟರು ಹಿಡದು ನೋಡಿ, ಆಮ್ಯಾಲ ಹೇಳ್ರಿ ಆ ನಂಬರ. ಅಲ್ಲೀತನಕ ಚಹಾ ಕೊಡ್ರಿ, ಮಜ್ಜಿಗಿ ಕೊಡ್ರಿ, ನಂಬರ ಕೊಡಬ್ಯಾಡ್ರಿ.